ಕೊನೆಯ ಸೌಟಿನ ತುಪ್ಪ: ಜಮಖಂಡಿ ಸೀಮೆಯ ದಾಲ್ ಫ್ರೈ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ ಮತ್ತು ಶೇಂಗಾ ಚಟ್ನಿ ಊಟದ ಮುಖ್ಯ ಭಾಗವಾದರೆ, ಅದೇ ಊರುಗಳ ರಸ್ತೆ ಬದಿಯ ಧಾಬಾಗಳಲ್ಲಿಯೂ ರೆಸ್ಟೋರೆಂಟುಗಳಲ್ಲಿಯೂ ಸಸ್ಯಾಹಾರಿ ಗಿರಾಕಿ ಕೇಳುವ ಪದಾರ್ಥಗಳಲ್ಲಿ ದಾಲ್ ಫ್ರೈ ಒಂದು. ಬೇಯಿಸಿದ ತೊಗರಿಬೇಳೆಯನ್ನು ಈರುಳ್ಳಿ, ಟೊಮೆಟೊಗಳ ಹುರಿದ ಮಸಾಲೆಯಲ್ಲಿ ಕುದಿಸಿ, ಬಡಿಸುವ ಮುನ್ನ ಅದರ ಮೇಲೆ ಕಾಯ್ದ ತುಪ್ಪದ ಒಗ್ಗರಣೆಯನ್ನು ಸುರಿಯುವುದು ಇದರ ಕ್ರಮ. ಹೋಟೆಲಿನವರು ತಡ್ಕಾ ಎಂದು ಕರೆಯುವ ಈ ಕೊನೆಯ ಒಗ್ಗರಣೆಗೆ ಒಂದು ನಿಮಿಷವೂ ಹಿಡಿಯುವುದಿಲ್ಲವಾದರೂ, ಪದಾರ್ಥದ ಪರಿಮಳದ ಬಹುಪಾಲು ಅದರಿಂದಲೇ ಬರುತ್ತದೆ.

ಬೇಳೆಯ ಮೇಲೆ ತುಪ್ಪ ಹಾಕುವುದು ಈ ಸೀಮೆಗೆ ಹೊಸದಲ್ಲ. ಪಟವರ್ಧನರ ಜಮಖಂಡಿ ಮತ್ತು ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಮರಾಠಿ ನಾಡಿನೊಂದಿಗೆ ಇಂತಹ ದೀರ್ಘ ಒಡನಾಟವಿದ್ದ ಈ ಭಾಗದ ಮನೆಗಳಿಗೆ, ಮಸಾಲೆಯಿಲ್ಲದೆ ಬೇಯಿಸಿದ ತೊಗರಿಬೇಳೆಯನ್ನು ಅನ್ನದ ಮೇಲೆ ಹಾಕಿ ತುಪ್ಪ ಬಿಡುವ ವರಣವೂ, ಬೇಳೆಯ ಸಾರಿಗೆ ಜೀರಿಗೆ-ಬೆಳ್ಳುಳ್ಳಿಯ ಒಗ್ಗರಣೆ ಕೊಡುವ ರೂಢಿಯೂ ಪರಿಚಿತವೇ ಆಗಿದ್ದವು. ದಾಲ್ ಫ್ರೈ ಉತ್ತರ ಭಾರತದ ಧಾಬಾ ಅಡುಗೆಯ ಹೆಸರು ಹೊತ್ತು ಬಂದರೂ ಇಲ್ಲಿಯ ನಾಲಿಗೆಗೆ ಬೇಗ ಒಗ್ಗಿದ್ದಕ್ಕೆ ಈ ಹಿನ್ನೆಲೆಯೇ ಕಾರಣವೆಂದು ತೋರುತ್ತದೆ.

ನಾಲ್ವರ ಊಟಕ್ಕೆ 200 ಗ್ರಾಂ ತೊಗರಿಬೇಳೆ ಸಾಕು. ಅದನ್ನು ತೊಳೆದು ಅರ್ಧ ಗಂಟೆ ನೆನೆಸಿ, ಮೂರೂವರೆ ಪಟ್ಟು ನೀರು, ಕಾಲು ಚಮಚ ಅರಿಶಿನ ಮತ್ತು ನೊರೆ ಉಕ್ಕದಂತೆ ಒಂದು ಚಮಚ ಎಣ್ಣೆ ಸೇರಿಸಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಬರುವವರೆಗೆ ಬೇಯಿಸಬೇಕು. ಈ ಹಂತದಲ್ಲಿ ಟೊಮೆಟೊ ಹಾಕಬಾರದು, ಏಕೆಂದರೆ ಹುಳಿಯಿದ್ದಲ್ಲಿ ಬೇಳೆ ಮೆತ್ತಗಾಗುವುದು ನಿಧಾನವಾಗುತ್ತದೆ. ಗಡಸು ನೀರು, ಎಂದರೆ ಸುಣ್ಣದ ಅಂಶ ಹೆಚ್ಚಾಗಿರುವ ಕೊಳವೆಬಾವಿಯ ನೀರು, ಇದೇ ತೊಂದರೆಯನ್ನು ಇನ್ನೂ ಹೆಚ್ಚಿಸುತ್ತದೆ. ಎಷ್ಟು ಸೀಟಿ ಹಾಕಿಸಿದರೂ ಬೇಳೆ ಅಂಚು ಬಿಡದೆ ಕಾಳುಕಾಳಾಗಿ ಉಳಿದರೆ ದೋಷ ನೀರಿನದೋ ಹಳೆಯ ಬೇಳೆಯದೋ ಇರುತ್ತದೆ. ಒಂದು ಚಿಟಿಕೆ ಅಡುಗೆ ಸೋಡಾ ಇದಕ್ಕೆ ಪರಿಹಾರವಾದರೂ ಚಿಟಿಕೆ ಮೀರಿದರೆ ಬೇಳೆಗೆ ಸಾಬೂನಿನ ರುಚಿ ಬರುವುದರಿಂದ, ಕುಡಿಯುವ ಸಿಹಿನೀರಿನಲ್ಲಿಯೇ ಬೇಯಿಸುವುದು ಮೇಲು. ಬೆಂದ ಬೇಳೆಯನ್ನು ಕಡಗೋಲಿನಿಂದ ಪೂರ್ತಿ ಕಡೆಯದೆ, ಅರ್ಧ ಕರಗಿ ಅರ್ಧ ಕಾಣುವಂತೆ ಸೌಟಿನಿಂದ ಕದಡಿದರೆ ಹೋಟೆಲಿನ ಹದ ಸಿಗುತ್ತದೆ.

ಮೊದಲ ಹುರಿಯುವಿಕೆಗೆ ಹೆಚ್ಚು ವಿವರಣೆ ಬೇಡ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿಯನ್ನು ಅಂಚು ಕಂದಾಗುವವರೆಗೆ ಹುರಿದು, ಶುಂಠಿ-ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ ಮತ್ತು ಎರಡು ಟೊಮೆಟೊ ಹಾಕಿ, ಎಣ್ಣೆ ಬದಿಗೆ ಬಿಡುವವರೆಗೆ ಬಾಡಿಸಿದ ಮೇಲೆ ಬೇಳೆ, ಉಪ್ಪು ಮತ್ತು ಒಂದು ಲೋಟ ಬಿಸಿನೀರು ಸೇರಿಸಿ ಏಳೆಂಟು ನಿಮಿಷ ಕುದಿಸಬೇಕು. ಜೀರಾ ರೈಸಿಗೆ ಇದು ತುಸು ತೆಳ್ಳಗಿದ್ದರೂ ನಡೆಯುತ್ತದೆ, ಆದರೆ ಜೋಳದ ರೊಟ್ಟಿಯ ತುಣುಕಿನಿಂದ ಎತ್ತಿಕೊಳ್ಳಬೇಕಾದಾಗ ಬೆರಳಿನಿಂದ ಸೋರದಷ್ಟು ಗಟ್ಟಿಯಾಗಿರಬೇಕು. ಆರುತ್ತಾ ಹೋದಂತೆ ಬೇಳೆ ಇನ್ನೂ ಗಟ್ಟಿಯಾಗುವುದನ್ನು ಲೆಕ್ಕಕ್ಕೆ ಹಿಡಿದು, ಬೇಕಾದ ಹದಕ್ಕಿಂತ ಸ್ವಲ್ಪ ಮೊದಲೇ ಒಲೆಯನ್ನು ಸಣ್ಣಗೆ ಮಾಡುವುದು ಜಾಣತನ.

ಇಷ್ಟಾದ ಮೇಲೆ ಮತ್ತೊಮ್ಮೆ ಒಗ್ಗರಣೆ ಏಕೆ ಎಂಬುದಕ್ಕೆ ಉತ್ತರ ನೀರಿನ ಗುಣದಲ್ಲಿದೆ. ನೀರಿರುವ ಬೇಳೆ ಎಷ್ಟು ಕುದಿದರೂ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ, ಆ ಬಿಸಿಯಲ್ಲಿ ಬೆಳ್ಳುಳ್ಳಿ ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ. ನೀರಿನ ಅಂಶವನ್ನು ಕಾಯಿಸಿ ತೆಗೆದ ತುಪ್ಪ ಅದಕ್ಕಿಂತ ಬಹಳ ಹೆಚ್ಚು ಕಾಯಬಲ್ಲದು. ಅಲ್ಲದೆ ಜೀರಿಗೆಯ ಪರಿಮಳವೂ ಒಣಮೆಣಸಿನಕಾಯಿಯ ಕೆಂಪು ಬಣ್ಣವೂ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ. ಬೆಣ್ಣೆಯಲ್ಲಿ ನೀರೂ ಹಾಲಿನ ಅಂಶವೂ ಉಳಿದಿರುವುದರಿಂದ ಅದು ಅಷ್ಟು ಬಿಸಿಗೆ ಸೀಯುತ್ತದೆ. ವನಸ್ಪತಿ ಸೀಯದಿದ್ದರೂ ಅದಕ್ಕೆ ತುಪ್ಪದ ಪರಿಮಳವಿಲ್ಲ, ತಣಿದಾಗ ಅಂಗುಳಿಗೆ ಮೇಣದಂತೆ ಅಂಟುತ್ತದೆ.

ಒಗ್ಗರಣೆ ಸೌಟಿನಲ್ಲಿ ಎರಡು ದೊಡ್ಡ ಚಮಚ ತುಪ್ಪ ಕಾಯಿಸಿ, ಮೊದಲು ಒಂದೇ ಒಂದು ಜೀರಿಗೆ ಕಾಳು ಹಾಕಿ ನೋಡಬೇಕು. ಅದು ತಳದಲ್ಲಿ ಸುಮ್ಮನೆ ಕುಳಿತರೆ ತುಪ್ಪ ಕಾದಿಲ್ಲ, ಬಿದ್ದೊಡನೆ ಕಪ್ಪಾದರೆ ಅತಿಯಾಗಿ ಕಾದಿದೆ, ಸುತ್ತಲೂ ಗುಳ್ಳೆ ಎದ್ದು ಮೇಲಕ್ಕೆ ತೇಲಿ ಬಂದರೆ ಹದವಾಗಿದೆ. ಆಗ ಮುಕ್ಕಾಲು ಚಮಚ ಜೀರಿಗೆ, ಅದು ಸಿಡಿದೊಡನೆ ತೆಳುವಾಗಿ ಸೀಳಿದ ಏಳೆಂಟು ಎಸಳು ಬೆಳ್ಳುಳ್ಳಿ, ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಎರಡು ಒಣಮೆಣಸಿನಕಾಯಿ ಮತ್ತು ಚಿಟಿಕೆ ಇಂಗು ಹಾಕಬೇಕು. ಬೆಳ್ಳುಳ್ಳಿ ಪೂರ್ತಿ ಕೆಂಪಾಗುವವರೆಗೆ ಕಾಯುವುದು ಹೊಸಬರ ಸಾಮಾನ್ಯ ತಪ್ಪು. ಒಲೆಯಿಂದ ಇಳಿಸಿದ ಮೇಲೂ ತುಪ್ಪ ಬಿಸಿಯಾಗಿಯೇ ಇರುವುದರಿಂದ ಅದು ಸೌಟಿನಲ್ಲಿಯೇ ಇನ್ನಷ್ಟು ಕರಿಯುತ್ತದೆ. ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿಯನ್ನು ಒಲೆಯಿಂದ ಇಳಿಸಿದ ಬಳಿಕವೇ ಹಾಕಬೇಕು. ಖಾರ ಕಡಿಮೆಯಿದ್ದು ಬಣ್ಣ ಹೆಚ್ಚಿರುವ ಬ್ಯಾಡಗಿ ಈ ಕೆಲಸಕ್ಕೆ ಹೇಳಿಮಾಡಿಸಿದ್ದು, ಆದರೆ ಪುಡಿ ಬೇಗ ಸೀಯುವುದರಿಂದ ಅದು ಬಿದ್ದೊಡನೆ ಒಗ್ಗರಣೆ ಬೇಳೆಯ ಮೇಲಿರಬೇಕು.

ಸುರಿಯುವಾಗ ಬೇಳೆ ಬಿಸಿಯಾಗಿರಬೇಕು, ಕುದಿಯುತ್ತಿರಬಾರದು. ಕೊತಕೊತ ಕುದಿಯುವ ತೆಳ್ಳನೆಯ ಬೇಳೆಗೆ ಸುರಿದರೆ ತುಪ್ಪ ಕೈಮೇಲೆ ಸಿಡಿಯುತ್ತದೆ, ಆರಿದ ಬೇಳೆಗೆ ಸುರಿದರೆ ಬೇಗ ಹೆಪ್ಪುಗಟ್ಟಿ ಅಲ್ಲಲ್ಲಿ ನಿಲ್ಲುತ್ತದೆ. ಚುರ್ ಎಂಬ ಸದ್ದು ಬಂದು ಮೇಲೆ ಕೆಂಪು ಜಿಡ್ಡು ಹರಡಿದರೆ ಹದ ಸರಿಯಾಗಿದೆ. ಕೂಡಲೇ ಮುಚ್ಚಳ ಹಾಕಿ ಒಂದು ನಿಮಿಷ ಬಿಟ್ಟರೆ ಆವಿಯೊಡನೆ ಹೊರಡುವ ಪರಿಮಳ ಒಳಗೇ ಉಳಿಯುತ್ತದೆ. ಬೆಳ್ಳುಳ್ಳಿ ಸೀದಿದ್ದರೆ ಮಾತ್ರ ಆ ಒಗ್ಗರಣೆಯನ್ನು ಚೆಲ್ಲಿಬಿಡಬೇಕು; ಎರಡು ಚಮಚ ತುಪ್ಪದ ಮೇಲಿನ ಮಮತೆಗೆ ಇಡೀ ಪಾತ್ರೆಯ ಬೇಳೆಯನ್ನು ಕಹಿ ಮಾಡಿಕೊಳ್ಳುವುದು ಸಲ್ಲದು, ಆ ಕಹಿಯನ್ನು ನಿಂಬೆರಸವಾಗಲಿ ಬೆಲ್ಲವಾಗಲಿ ಕಳೆಯಲಾರದು.

ಹೋಟೆಲಿನ ಅಡುಗೆಮನೆಯಲ್ಲಿ ಬೇಳೆಯನ್ನು ಮುಂಚಿತವಾಗಿ ಬೇಯಿಸಿಟ್ಟು, ಈರುಳ್ಳಿ-ಟೊಮೆಟೊ ಮಸಾಲೆಯನ್ನೂ ಒಮ್ಮೆಲೇ ಹುರಿದಿಟ್ಟು, ಆರ್ಡರ್ ಬಂದಂತೆ ಒಂದೊಂದು ಪ್ಲೇಟಿಗೆ ಬೇಕಾದಷ್ಟನ್ನು ಬಾಣಲೆಯಲ್ಲಿ ಕಾಯಿಸಿ ಕೊಡುವ ಪದ್ಧತಿಯಲ್ಲಿ ದೋಷವೇನೂ ಇಲ್ಲ. ಬೇಳೆಯೂ ಮಸಾಲೆಯೂ ಕಾಯಬಲ್ಲವು. ಕಾಯಲಾರದ್ದು ಒಗ್ಗರಣೆಯೊಂದೇ. ಗಿರಾಕಿಗಳ ನೂಕುನುಗ್ಗಲಿನಲ್ಲಿ, ಅದರಲ್ಲಿಯೂ ಕಬ್ಬಿನ ಲಾರಿ, ಟ್ರ್ಯಾಕ್ಟರುಗಳು ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಲುಗಟ್ಟುವ ಕಟಾವಿನ ದಿನಗಳಲ್ಲಿ, ಪ್ಲೇಟಿಗೊಂದು ಸೌಟು ಕಾಯಿಸುವ ವ್ಯವಧಾನ ಉಳಿಯುವುದು ಕಷ್ಟವೆಂಬುದು ಅರ್ಥವಾಗುವಂಥದ್ದೇ. ಹಾಗೆಂದು ಇಡೀ ಪಾತ್ರೆಗೆ ಮೊದಲೇ ಒಗ್ಗರಣೆ ಹಾಕಿಟ್ಟರೆ, ಅಥವಾ ತುಪ್ಪ ತುಟ್ಟಿಯೆಂದು ವನಸ್ಪತಿಗೆ ಇಳಿದರೆ, ತಟ್ಟೆಗೆ ಬರುವುದು ಬೇಳೆಯ ಪಲ್ಯವಾಗಬಹುದೇ ಹೊರತು ದಾಲ್ ಫ್ರೈ ಆಗುವುದಿಲ್ಲ. ಆದ್ದರಿಂದ ಈ ಊರುಗಳಲ್ಲಿ ಊಟಕ್ಕೆ ಕೂರುವವರು ನಾಲ್ಕು ಕಾಸು ಹೆಚ್ಚಾದರೂ ಸರಿ, ತುಪ್ಪದ ಒಗ್ಗರಣೆಯನ್ನು ಆಗಲೇ ಕಾಯಿಸಿ ಹಾಕಿಕೊಡುವಂತೆ ಅಡುಗೆಯವರನ್ನು ಕೇಳಬೇಕು, ಹಾಗೆ ಮಾಡಿಕೊಟ್ಟವರಲ್ಲಿಗೆ ಮತ್ತೆ ಹೋಗಬೇಕು.