ಕೊನ್ಯಾಕ್‌ಗೆ ಎರಡು ಭಟ್ಟಿ ಏಕೆ?

ಪ್ರಶ್ನೆ: ಕೊನ್ಯಾಕ್ ಬ್ರಾಂದಿಯನ್ನು ತಾಮ್ರದ ಹಂಡೆಯಲ್ಲೇ, ಅದೂ ಎರಡು ಸಲ ಭಟ್ಟಿ ಇಳಿಸುವುದೇಕೆ?

ಉತ್ತರ: ಫ್ರಾನ್ಸಿನ ಕೊನ್ಯಾಕ್ ಸೀಮೆಯ ದ್ರಾಕ್ಷಿ ವೈನ್ ಹುಳಿ, ಮದ್ಯಸಾರ ಸುಮಾರು ಶೇ. 9. ಮೊದಲ ಭಟ್ಟಿಯಲ್ಲಿ ಅದು ಶೇ. 30ರ ಹತ್ತಿರಕ್ಕೇರುತ್ತದೆ. ಎರಡನೆಯದರಲ್ಲಿ ಮೊದಲಿಗೆ ಬರುವ ಘಾಟನ್ನೂ ಕೊನೆಯ ನೀರುನೀರಾದ ಭಾಗವನ್ನೂ ಬೇರ್ಪಡಿಸಿ, ಶೇ. 70ರ ಆಸುಪಾಸಿನ ನಡುಭಾಗವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಕಸುಬುದಾರನ ಮೂಗಿಗೆ ನಿಜವಾದ ಪರೀಕ್ಷೆ ಇಲ್ಲೇ: ಬೇರ್ಪಡಿಸುವುದು ತಡವಾದರೆ ಬ್ರಾಂದಿಗೆ ಭಾರವಾದ, ಒರಟು ವಾಸನೆ ಅಂಟುತ್ತದೆ.

ತಾಮ್ರ ಬಿಸಿಯನ್ನು ಸಮನಾಗಿ ಹರಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊಳೆತ ಮೊಟ್ಟೆಯಂತೆ ನಾರುವ ಗಂಧಕದ ಸಂಯುಕ್ತಗಳನ್ನು ಹಿಡಿದುಕೊಳ್ಳುತ್ತದೆ.

ಭಟ್ಟಿಗೆ ಹೋಗುವ ವೈನಿಗೆ ಕೆಡದಂತೆ ಕಾಯುವ ಗಂಧಕದ ಡೈಆಕ್ಸೈಡ್ ಬೆರೆಸುವುದಿಲ್ಲ. ಬೇಸಿಗೆಯ ಸೆಕೆಗೆ ಆ ವೈನ್ ಬೇಗ ಹಾಳಾಗುತ್ತದೆ. ಹಾಗಾಗಿಯೇ ಸುಗ್ಗಿಯ ಮರುವರ್ಷದ ಮಾರ್ಚ್ 31ರೊಳಗೆ ಭಟ್ಟಿ ಮುಗಿಯಬೇಕೆಂಬ ಅಲ್ಲಿನ ನಿಯಮ ನನಗೆ ಅರ್ಥಪೂರ್ಣವೆನಿಸುತ್ತದೆ. ಆಮೇಲೆ ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಮಾಗಬೇಕು.