ಬಿಳಿ ಹಾಳೆ, ಕರಿ ಹಾಳೆ: ಫ್ರೇಮ್ ಒಳಗಿನ ಚಿತ್ರ ನಿಜ ಅನ್ನಿಸೋದು ಹೇಗೆ?

ಈ ಸಂಚಿಕೆಯಲ್ಲಿ ಮಾತಾಡ್ತಿರೋದು ಮಾಕಪ್ ಬಗ್ಗೆ. ಅಂದ್ರೆ, ಚಿತ್ರವನ್ನ ನಿಜವಾಗಿ ಫ್ರೇಮ್ ಹಾಕಿಸದೆ, ಗೋಡೆ ಮೇಲೆ ನೇತುಹಾಕಿದ ಹಾಗೆ ತೋರಿಸೋ ಫೋಟೋ. ಆನ್‌ಲೈನ್‌ನಲ್ಲಿ ಪ್ರಿಂಟ್ ಮಾರುವ ಹೆಚ್ಚಿನವರು ಇದನ್ನೇ ಹಾಕ್ತಾರೆ.

ಸಾಗರದ ಕಡೆಯ ನನ್ನ ಗೆಳತಿಯೊಬ್ಬಳು ಹಸೆ ಚಿತ್ತಾರ ಬರೀತಾಳೆ. ಕೆಮ್ಮಣ್ಣಿನ ಹಿನ್ನೆಲೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು. ಅದರ ಎ3 ಪ್ರಿಂಟ್ ಒಂದನ್ನ ಅವಳು ಮಾರಿದಳು. ಕೊಂಡವರು ಒಂದೇ ವಾರದಲ್ಲಿ ವಾಪಸ್ ಕಳಿಸಿದ್ರು: "ಫೋಟೋದಲ್ಲಿ ಇದ್ದಿದ್ದು ಇದಲ್ಲ, ಇದು ಉದ್ದ ಇದೆ." ದುಡ್ಡೂ ಹೋಯ್ತು, ಕೊರಿಯರ್ ಖರ್ಚೂ ಇವಳ ಮೇಲೇ ಬಿತ್ತು. ಪ್ರಿಂಟ್ ಸರಿಯಾಗೇ ಇತ್ತು. ಸುಳ್ಳು ಹೇಳಿದ್ದು ಮಾಕಪ್.

ಹೇಗೆ ಅಂತ ನೋಡೋಣ. ಎ3 ಹಾಳೆ 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ಅಗಲ 1 ಅಂದ್ರೆ ಎತ್ತರ ಸುಮಾರು 1.41. ಅವಳಿಗೆ ಸಿಕ್ಕ ರೆಡಿಮೇಡ್ ಟೆಂಪ್ಲೇಟ್‌ನ ಫ್ರೇಮ್ 8 ಇಂಚು ಅಗಲ, 10 ಇಂಚು ಎತ್ತರದ ಅಳತೆಯದ್ದು, ಅಂದ್ರೆ 1ಕ್ಕೆ 1.25. ನಾಲ್ಕು ಮೂಲೆ ಹಿಡಿದು ಎಳೆದು ಕೂರಿಸಿದಾಗ ಚಿತ್ತಾರದ ಎತ್ತರ ಶೇ 12ರಷ್ಟು ಕುಗ್ಗಿ ಹೋಯ್ತು. ನೇರವಾಗಿ ತೆಗೆದ ಫೋಟೋ ಆಗಿದ್ರೆ ಯಾರಾದ್ರೂ ಕಂಡುಹಿಡೀತಿದ್ರು. ಇದು ಓರೆಯಾಗಿ ತೆಗೆದದ್ದು, ಆ ಓರೆಯಲ್ಲಿ ಕುಗ್ಗಿದ್ದು ಮುಚ್ಚಿಹೋಯ್ತು. ಹಾಗಾಗಿ ಮೊದಲು ನೋಡಬೇಕಾದದ್ದು ಫ್ರೇಮ್ ಒಳಗಿನ ಕಿಂಡಿಯ ನಿಜವಾದ ಅಳತೆ. ಅದು ನಿಮ್ಮ ಚಿತ್ರಕ್ಕೆ ಹೊಂದದಿದ್ರೆ ಆ ಟೆಂಪ್ಲೇಟ್ ಬಿಟ್ಟುಬಿಡಿ.

ಅಳತೆ ಹೊಂದಿತು ಅಂತಿಟ್ಟುಕೊಳ್ಳಿ. ಫೋಟೋಪೀ ಅನ್ನೋ ಉಚಿತ ಎಡಿಟರ್ ಫೋನಿನ ಬ್ರೌಸರ್‌ನಲ್ಲೇ ತೆರೆಯುತ್ತೆ. ಚಿತ್ರದ ಲೇಯರನ್ನ Smart Object ಮಾಡಿಕೊಳ್ಳಿ. ಆಗ ಮುಂದೆ ಬೇರೆ ಚಿತ್ರ ಹಾಕೋಕೆ ಮತ್ತೆ ಮೂಲೆ ಎಳೀಬೇಕಾಗಿಲ್ಲ. ಆಮೇಲೆ Distort ಆರಿಸಿ ನಾಲ್ಕು ಮೂಲೆಗಳನ್ನ ಕಿಂಡಿಯ ನಾಲ್ಕು ಮೂಲೆಗೆ ತನ್ನಿ. Skew ಬೇಡ. ಅದರಲ್ಲಿ ಎದುರುಬದುರು ಅಂಚುಗಳು ಸಮಾನಾಂತರವಾಗೇ ಉಳೀತವೆ, ಹತ್ತಿರದ ಗೆರೆಗಳೂ ದೂರದ ಗೆರೆಗಳೂ ಒಂದೇ ಅಂತರದಲ್ಲಿ ಕಾಣ್ತವೆ. ನಿಜದಲ್ಲಿ ದೂರ ಹೋದಷ್ಟೂ ಗೆರೆಗಳು ಒತ್ತೊತ್ತಾಗಬೇಕು.

ಸರಿಯಾಯ್ತಾ ಅಂತ ನೋಡೋಕೆ ಒಂದು ಹಳೇ ಉಪಾಯ ಇದೆ. ಫೋಟೋದಲ್ಲಿರೋ ಕಿಂಡಿಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೀರಿ. ಅವು ಕತ್ತರಿಸುವ ಜಾಗವೇ ಕಿಂಡಿಯ ನಿಜವಾದ ನಡು. ಅಡ್ಡಗಲವನ್ನ ಸ್ಕೇಲ್ ಇಟ್ಟು ಎರಡು ಭಾಗ ಮಾಡಿದ್ರೆ ಸಿಗೋ ಜಾಗ ಅಲ್ಲ. ನಮ್ಮಿಂದ ದೂರ ಇರೋ ಅಂಚಿನ ಕಡೆಗೆ ಸ್ವಲ್ಪ ಸರಿದಿರುತ್ತೆ. ಚಿತ್ತಾರದ ನಟ್ಟನಡುವಿನ ಚುಕ್ಕಿ ಅಲ್ಲೇ ಬಿದ್ದಿದ್ರೆ ಓರೆ ಸರಿ ಇದೆ.

ಈಗ ನೆರಳು ಮತ್ತು ಗಾಜು. ಹೆಚ್ಚಿನ ಮಾಕಪ್ ಸಿಕ್ಕಿಬೀಳೋದು ಇಲ್ಲೇ. ಯಾವುದೋ ಬ್ರಷ್‌ನಲ್ಲಿ ಸುತ್ತಲೂ ಕಪ್ಪು ಹೊಗೆ ಬಳಿದಿರ್ತಾರೆ, ಮೇಲೊಂದು ಬಿಳಿ ಪಟ್ಟಿ ಎಳೆದಿರ್ತಾರೆ. ನೆರಳು ಹಾಗೆ ನಾಲ್ಕೂ ಕಡೆ ಬೀಳಲ್ಲ. ಕಿಟಕಿ ಎಡಕ್ಕೆ, ಸ್ವಲ್ಪ ಮೇಲಿದ್ರೆ, ಫ್ರೇಮ್ ಒಳಗಡೆ ಎಡ ಮತ್ತು ಮೇಲಿನ ಅಂಚು ಚಿತ್ರದ ಮೇಲೆ ನೆರಳು ಚೆಲ್ಲುತ್ತೆ. ಹೊರಗಡೆ ಗೋಡೆ ಮೇಲೆ ಬಲಕ್ಕೂ ಕೆಳಕ್ಕೂ ಬೀಳುತ್ತೆ. ಫ್ರೇಮ್‌ನ ಅಂಚು ಚಿತ್ರಕ್ಕಿಂತ 1 ಸೆಂ.ಮೀ. ಮುಂದಿದ್ದು ಬೆಳಕು 45 ಡಿಗ್ರಿ ಓರೆಯಲ್ಲಿ ಬಂದ್ರೆ, ನೆರಳೂ 1 ಸೆಂ.ಮೀ. ಅಗಲ. 42 ಸೆಂ.ಮೀ. ಎತ್ತರದ ಚಿತ್ರ ಫೋಟೋದಲ್ಲಿ 1200 ಪಿಕ್ಸೆಲ್ ಇದ್ರೆ, ಆ ನೆರಳು ಹೆಚ್ಚುಕಮ್ಮಿ 29 ಪಿಕ್ಸೆಲ್. ನೂರು ಪಿಕ್ಸೆಲ್ ಬಳಿದ್ರೆ ಚಿತ್ರ ಬಾವಿಯೊಳಗೆ ಇಟ್ಟ ಹಾಗೆ ಕಾಣುತ್ತೆ.

ಆದ್ರೆ ನನ್ನ ಕೇಳಿದ್ರೆ ಈ ಲೆಕ್ಕ ಯಾಕೆ ಬೇಕು? ನೆರಳನ್ನ ಬರೆಯೋ ಬದಲು ಫೋಟೋ ತೆಗೀರಿ. ಬೇಕಾದದ್ದು ಒಂದು ನಿಜವಾದ ಫ್ರೇಮ್, ಒಂದು ಬಿಳಿ ಹಾಳೆ, ಒಂದು ಕರಿ ಹಾಳೆ, ಫೋನ್ ಅಲ್ಲಾಡದ ಹಾಗೆ ಒಂದು ಟ್ರೈಪಾಡ್. ಫ್ರೇಮಿನ ಮೂಲೆಗಳು ಗೋಡೆ ಮೇಲೆ ಎಲ್ಲಿವೆ ಅಂತ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿ, ಯಾಕಂದ್ರೆ ಒಮ್ಮೆ ಇಳಿಸಿ ಮತ್ತೆ ಅಲ್ಲೇ ನೇತುಹಾಕಬೇಕು. ಒಂದೆರಡು ಮೀಟರ್ ಹಿಂದೆ ನಿಂತು ಸ್ವಲ್ಪ ಝೂಮ್ ಮಾಡಿ. ತೀರಾ ಹತ್ತಿರ ಹೋದ್ರೆ ಫೋನಿನ ವೈಡ್ ಲೆನ್ಸ್‌ನಲ್ಲಿ ಫ್ರೇಮ್ ಅಂಚು ಬಾಗಿದ ಹಾಗೆ ಬರಬಹುದು.

ಮೊದಲ ಫೋಟೋಗೆ ಗಾಜು ತೆಗೆದು, ಚಿತ್ರದ ಜಾಗದಲ್ಲಿ ಬಿಳಿ ಹಾಳೆ ಹಾಕಿ. ಸ್ಕ್ರೀನ್ ಮೇಲೆ ಬೆರಳು ಒತ್ತಿಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ ಕ್ಲಿಕ್ಕಿಸಿ. ಆ ಕೋಣೆಯ ಬೆಳಕಲ್ಲಿ ನೆರಳು ಹೇಗೆ ಬೀಳುತ್ತೋ ಅದೆಲ್ಲ ಈಗ ಹಾಳೆ ಮೇಲಿದೆ, ಅಂಚಲ್ಲಿ ಗಟ್ಟಿಯಾಗಿ, ದೂರ ಹೋದಂತೆ ಮಸುಕಾಗಿ. ಎರಡನೆಯದಕ್ಕೆ ಗಾಜನ್ನ ವಾಪಸ್ ಹಾಕಿ, ಅದರ ಹಿಂದೆ ಮೌಂಟ್ ಬೋರ್ಡ್ ಕೂಡ ಮುಚ್ಚೋ ಹಾಗೆ ಪೂರ್ತಿ ಕರಿ ಹಾಳೆ ಇಡಿ. ಲಾಕ್ ಬಿಡಬೇಡಿ. ಬಿಟ್ರೆ ಫೋನ್ ಕರಿಯನ್ನ ನೋಡಿ ಬೆಳಕು ಹೆಚ್ಚಿಸುತ್ತೆ, ಬೂದು ಬಣ್ಣ ಬರುತ್ತೆ. ಈಗ ಕರಿ ಹಾಳೆ ಮೇಲೆ ಕಾಣೋದು ಪ್ರತಿಫಲನ ಮಾತ್ರ.

ಕೂಡಿಸೋದು ಹೀಗೆ. ಕೆಳಗೆ ಬಿಳಿ ಹಾಳೆಯ ಫೋಟೋ. ಅದರ ಮೇಲೆ ಓರೆಗೆ ಕೂರಿಸಿದ ಚಿತ್ತಾರ, ಮೋಡ್ Multiply. ಈ ಮೋಡ್‌ನಲ್ಲಿ ಬಿಳಿ ಹಾಳೆ ಮಾಯವಾಗಿ ಚಿತ್ರ ಬರುತ್ತೆ, ಹಾಳೆ ಮೇಲಿನ ನೆರಳು ಮಾತ್ರ ಚಿತ್ರದ ಮೇಲೆ ಉಳಿಯುತ್ತೆ. ಚಿತ್ರ ಮಂಕಾಗಿ ಕಂಡ್ರೆ ಫೋಟೋದಲ್ಲಿ ಹಾಳೆ ಬೂದು ಬಂದಿದೆ ಅಂತ ಅರ್ಥ. ಕೆಳಗಿನ ಫೋಟೋಗೆ Levels ತೆರೆದು, ಹಾಳೆಯ ಅತಿ ಬೆಳಕಿನ ಜಾಗ ಬಿಳಿಗೆ ಹತ್ತಿರ ಬರೋ ತನಕ ಬಿಳಿ ಕಡೆಯ ಗುಂಡಿಯನ್ನ ಎಡಕ್ಕೆ ಸರಿಸಿ.

ಎಲ್ಲಕ್ಕಿಂತ ಮೇಲೆ ಕರಿ ಹಾಳೆಯ ಫೋಟೋ, ಮೋಡ್ Screen. ಇದನ್ನ ಗಾಜಿನ ಅಳತೆಗೆ ಮಾಸ್ಕ್ ಮಾಡಿ. ಇಲ್ಲದಿದ್ರೆ ಫ್ರೇಮ್ ಮತ್ತು ಗೋಡೆ ಎರಡೆರಡು ಸಲ ಬೆಳಗುತ್ತವೆ. ಕರಿ ಹಾಳೆ ಪೂರ್ತಿ ಕಪ್ಪಿರಲ್ಲ, Levelsನಲ್ಲಿ ಕಪ್ಪು ಕಡೆಯ ಗುಂಡಿಯನ್ನ ಸ್ವಲ್ಪ ಬಲಕ್ಕೆ ತಂದ್ರೆ ಸಾಕು.

ಎರಡು ಮೋಡ್ ಯಾಕೆ ಅಂತ ಕೇಳ್ತೀರಲ್ಲ? ನೆರಳು ಬೆಳಕನ್ನ ಕಳೆಯುತ್ತೆ, ಗಾಜು ಬೆಳಕನ್ನ ಕೂಡಿಸುತ್ತೆ. ಸಾದಾ ಗಾಜಿನ ಒಂದೊಂದು ಮೈಯೂ ಸುಮಾರು ಶೇ 4ರಷ್ಟು ಬೆಳಕನ್ನ ಹಿಂದಕ್ಕೆ ಕಳಿಸುತ್ತೆ, ಎರಡೂ ಸೇರಿ ಶೇ 8. ಬಿಳಿ ಗೆರೆ ಮೇಲೆ ಆ ಶೇ 8 ಗೊತ್ತೇ ಆಗಲ್ಲ. ಕೆಮ್ಮಣ್ಣಿನ ಗಾಢ ಬಣ್ಣದ ಮೇಲೆ ತಕ್ಷಣ ಕಾಣುತ್ತೆ. ಕೈಯಿಂದ ಎಳೆದ ಬಿಳಿ ಪಟ್ಟಿ ಬಿಳಿ ಗೆರೆಯನ್ನೂ ಕೆಂಪನ್ನೂ ಒಂದೇ ತೆರನಾಗಿ ಮುಚ್ಚುತ್ತೆ, ಅದಕ್ಕೇ ಗಾಜಲ್ಲ, ಸ್ಟಿಕರ್ ಅನ್ನಿಸೋದು.

ಇನ್ನೊಂದು ಗುರುತು ಇದೆ. ಪ್ರತಿಫಲನ ಚಿತ್ರದ ಅಂಚಿಗೆ ನಿಂತುಬಿಟ್ಟಿದ್ರೆ ಅದು ನಕಲಿ. ಗಾಜು ಮೌಂಟ್ ಬೋರ್ಡ್ ಮೇಲೂ ಇರುತ್ತೆ, ಆದ್ದರಿಂದ ಹೊಳಪು ಬೋರ್ಡನ್ನ ದಾಟಿ ಫ್ರೇಮ್ ತನಕ ಹೋಗಬೇಕು. ನೆರಳಿನ ಮೇಲೂ ಹಾದು ಹೋಗಬೇಕು, ಯಾಕಂದ್ರೆ ನೆರಳು ಗಾಜಿನ ಹಿಂದೆ, ಹಾಳೆ ಮೇಲೆ ಬಿದ್ದಿರೋದು.

ಈ ವಿಧಾನಕ್ಕೆ ಮಿತಿಯೂ ಇದೆ. ಬೆಳಗ್ಗೆ ತೆಗೆದ ಬಿಳಿ ಹಾಳೆಗೆ ಮಧ್ಯಾಹ್ನ ತೆಗೆದ ಕರಿ ಹಾಳೆ ಕೂಡಲ್ಲ, ಮೋಡ ಬಂದು ಹೋದ್ರೂ ಬೆಳಕು ಬದಲಾಗುತ್ತೆ. ಎರಡನ್ನೂ ಹತ್ತು ನಿಮಿಷದೊಳಗೆ ಮುಗಿಸಿ. ಗಾಜಿಲ್ಲದ ಕ್ಯಾನ್ವಾಸ್ ಚಿತ್ರ ಮಾರ್ತೀರಾದ್ರೆ ಕರಿ ಹಾಳೆ ಬೇಕಾಗೇ ಇಲ್ಲ. ಹೊಳಪು ಚಿತ್ರದ ಮುಖ್ಯ ಭಾಗವನ್ನೇ ನುಂಗಿದ್ರೆ ಆ ಲೇಯರ್‌ನ ಒಪಾಸಿಟಿ ಅರ್ಧಕ್ಕೆ ಇಳಿಸಿ. ಪೂರ್ತಿ ತೆಗೀಬೇಡಿ, ಯಾಕಂದ್ರೆ ಕೊಂಡವರ ಮನೆಯಲ್ಲೂ ಗಾಜಿಗೆ ಕಿಟಕಿ ಕಾಣುತ್ತೆ.