ದುಬೈಗೆ ಹೊರಟವರ ಬ್ಯಾಂಕ್ ಖಾತೆ

ಕುಂದಾಪುರದ ಒಬ್ಬರು ಕೆಲಸಕ್ಕೆಂದು ದುಬೈಗೆ ಹೊರಟಿದ್ದಾರೆ ಎನ್ನಿ. ಊರಿನ ಮನೆಯಿಂದ ತಿಂಗಳಿಗೆ 12,000 ರೂಪಾಯಿ ಬಾಡಿಗೆ ಬರುತ್ತದೆ. ವಿದೇಶದಲ್ಲಿ ನೌಕರಿಗೆ ಹೋದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಬಹಳಷ್ಟು ಜನ ಮರೆಯುವುದು ಇದನ್ನೇ.

ಬಾಡಿಗೆ ಬೀಳಬೇಕಾದದ್ದು ಈ ಖಾತೆಗೆ. ಇದರ ಬಡ್ಡಿಗೆ ತೆರಿಗೆಯುಂಟು: 10,000 ರೂಪಾಯಿ ಬಡ್ಡಿ ಬಂದರೆ ಸೆಸ್ ಸೇರಿ ಸಾಮಾನ್ಯವಾಗಿ 3,120 ರೂಪಾಯಿಯನ್ನು ಬ್ಯಾಂಕೇ ಮುರಿದುಕೊಳ್ಳುತ್ತದೆ.

ದುಬೈ ಸಂಬಳಕ್ಕೆ ಬೇರೆಯೇ ಎನ್‌ಆರ್‌ಇ ಖಾತೆ ತೆರೆಯುವುದು ಲೇಸು. ಅನಿವಾಸಿಯಾಗಿರುವಷ್ಟು ದಿನ ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಹಣವನ್ನು ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ಸಂಬಳವನ್ನು ಎನ್‌ಆರ್‌ಒಗೆ ಹಾಕಿದರೆ ಈ ಎರಡೂ ಅನುಕೂಲ ಕೈತಪ್ಪುತ್ತವೆ.

ಎನ್‌ಆರ್‌ಇಯಲ್ಲಿ ಹಣ ರೂಪಾಯಿಯಾಗಿ ಕೂರುತ್ತದೆ; ರೂಪಾಯಿ ಕುಸಿದರೆ ಮರಳಿ ಒಯ್ಯುವಾಗ ನಷ್ಟ. ಅದಕ್ಕೇ ಎಫ್‌ಸಿಎನ್‌ಆರ್ ಠೇವಣಿಯಲ್ಲಿ ಹಣ ಡಾಲರ್‌ನಲ್ಲೇ ಉಳಿಯುತ್ತದೆ. ಅವಧಿ 1ರಿಂದ 5 ವರ್ಷ. ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿ ಸೊನ್ನೆ. ಊರಲ್ಲೇ ಮನೆ ಕಟ್ಟುವ ಆಲೋಚನೆಯಿದ್ದವರಿಗೆ, ನನ್ನ ಮಟ್ಟಿಗೆ, ಇದರ ಉಸಾಬರಿ ಬೇಡ.